2031ರ ಮಂಜುಗೆ, 2026ರ ಮಂಜು ಬರೆಯೋದು

ತುಮಕೂರು, 8 ಫೆಬ್ರವರಿ 2026, ಭಾನುವಾರ

ಲೋ ಮಂಜು,

ಹೆಂಗಿದೀಯ? ಈ ಕಾಗದನ ಕೆಂಪು ರಟ್ಟಿನ ಪುಸ್ತಕದ ಹಿಂದಿನ ಕವರಲ್ಲಿ ತುರುಕಿಟ್ಟಿರ್ತೀನಿ, ಶೋಭಂಗೂ ಹೇಳಿರ್ತೀನಿ, 2031ರ ಫೆಬ್ರವರಿ 8ಕ್ಕೆ ತೆಗೆದು ಕೊಡು ಅಂತ. ಕ್ಯಾಲೆಂಡರ್ ನೋಡ್ದೆ, ಶನಿವಾರ ಬೀಳುತ್ತೆ. ಅವತ್ತು ನಿಂಗೆ ರಜ ಇರುತ್ತೋ ಇಲ್ವೋ ಗೊತ್ತಿಲ್ಲ, ಪೀಣ್ಯದಲ್ಲೇ ಇದೀಯೋ ಬೇರೆ ಕಡೆ ಸೇರ್ಕೊಂಡಿದೀಯೋ ಅದೂ ಗೊತ್ತಿಲ್ಲ. ಮೆಟ್ರೋ ತುಮಕೂರಿಗೆ ಬಂತಾ? ಮಾದಾವರದವರೆಗೆ 2024ರ ನವೆಂಬರಲ್ಲಿ ಬಂದಾಗ ಟ್ರೈನಲ್ಲಿ ಎಲ್ರೂ ಇನ್ನೇನು ನಮ್ಮೂರಿಗೇ ಬಂದ್ಬಿಡ್ತು ಅಂತ ಕುಣಿದಿದ್ರು. ನಾನಂತೂ ಇನ್ನೂ ಬೆಳಗಿನ ಟ್ರೈನಿಗೇ ಓಡ್ತಾ ಇದೀನಿ, ಯಶವಂತಪುರದಲ್ಲಿ ಇಳಿದು ಮೆಟ್ರೋ ಹಿಡಿದು ವಾಪಸ್ ಪೀಣ್ಯಕ್ಕೆ, ತಿಂಗಳ ಪಾಸು ಪರ್ಸಲ್ಲೇ ಮುದುರಿ ಹೋಗಿದೆ.

ಈ ಕಾಗದ ಬರೀಬೇಕು ಅನ್ಸಿದ್ದು ಮೊನ್ನೆ ಬಳೆ ಬಿಡಿಸ್ಕೊಂಡು ಬಂದ ದಿನ. ನೀನು ಮರ್ತಿರ್ತೀಯ ಅಂತಾನೇ ಬರೀತಿರೋದು, ಯಾಕಂದ್ರೆ ನನ್ ಗುಣ ನಂಗೊತ್ತು, ನೋವಿನ ವಿಷ್ಯ ಆರು ತಿಂಗಳಿಗೆ ಜೋಕ್ ಆಗುತ್ತೆ, ಎರಡು ವರ್ಷಕ್ಕೆ "ಅಯ್ಯೋ ಎಲ್ರಿಗೂ ಆಗುತ್ತೆ ಬಿಡೋ" ಆಗುತ್ತೆ. ಅದಕ್ಕೆ ಪೂರ್ತಿ ಬರೀತೀನಿ, ಒಂದ್ಸಲ ಓದು.

2024ರಲ್ಲಿ ನಮ್ ಬೋಗೀಲಿ ಹೆಂಗಿತ್ತು ನೆನಪಿದ್ಯಾ? ಮೊದ್ಲು ಕ್ಯಾತ್ಸಂದ್ರ ದಾಟೋದ್ರೊಳಗೆ ಇಸ್ಪೀಟು ಶುರುವಾಗ್ತಿತ್ತು, ಆಮೇಲೆ ಇಸ್ಪೀಟು ಹೋಗಿ ಆಪ್ಷನ್ಸ್ ಬಂತು, ಷೇರು ಮಾರ್ಕೆಟ್ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಹಾಕೋ ಆಟ. ಎಲ್ರ ಕೈಲೂ ಫೋನು, ಹಸಿರು ಗೀಟು ಕೆಂಪು ಗೀಟು, ಗುರುವಾರ ಎಕ್ಸ್‌ಪೈರಿ ದಿನ, ಆ ವಾರದ ಆಟದ ವಾಯಿದೆ ಮುಗಿಯೋ ದಿನ ಅಂದ್ರೆ ಜಾತ್ರೆ. ಝೀರೋ ಹೀರೋ ಅಂತ ಒಂದು ಆಟ, ಮಧ್ಯಾಹ್ನದ ಮೇಲೆ ಮೂರು ನಾಲ್ಕು ರೂಪಾಯಿಗೆ ಬಿದ್ದಿರೋ ಕಾಲ್, ಅಂದ್ರೆ ಮಾರ್ಕೆಟ್ ಏರುತ್ತೆ ಅನ್ನೋ ಕಡೆಯ ಆಪ್ಷನ್ ತಗೊಳೋದು, ಮಾರ್ಕೆಟ್ ಒಂಚೂರು ಹಾರಿದ್ರೆ ನಲವತ್ತಾಗುತ್ತೆ, ಹಾರದಿದ್ರೆ ಸೊನ್ನೆ. ಮೊದಲ್ನೇ ಸಲ 4,200 ಬಂತು. ಅವತ್ತು ದಾಬಸ್‌ಪೇಟೆ ದಾಟ್ತಾ ಇದ್ದಾಗ ಇಡೀ ಬೋಗಿಗೆ ಕಡಲೆಕಾಯಿ ಕೊಡ್ಸಿದ್ದೆ. ಆ ಕಡಲೆಕಾಯಿನೇ ನನ್ನ ಹಾಳ್ಮಾಡಿದ್ದು ಅಂತ ಈಗನ್ಸುತ್ತೆ. ಆ ವರ್ಷ ಸೆಪ್ಟೆಂಬರಲ್ಲಿ ಷೇರು ಮಾರ್ಕೆಟ್ ನೋಡ್ಕೊಳೋ ಸೆಬಿಯವ್ರೇ ಲೆಕ್ಕ ಹಾಕಿ ಹೇಳಿದ್ರು, ಎಫ್ ಅಂಡ್ ಓ, ಅಂದ್ರೆ ಫ್ಯೂಚರ್ಸ್ ಆಪ್ಷನ್ಸ್ ಆಡಿದ ಸಾಮಾನ್ಯ ಜನದಲ್ಲಿ 100ಕ್ಕೆ 93 ಮಂದಿ ಮೂರು ವರ್ಷದಲ್ಲಿ ದುಡ್ಡು ಕಳ್ಕೊಂಡಿದಾರೆ ಅಂತ. ಪೇಪರಲ್ಲಿ ಓದಿದೆ. ಓದಿ ಏನನ್ಕೊಂಡೆ ಹೇಳು, ಉಳಿದ 7 ಜನದಲ್ಲಿ ನಾನೂ ಒಬ್ಬ ಅನ್ಕೊಂಡೆ!

ಸಂಬಳ ಟ್ರೇಡಿಂಗಿಗೆ ಹೋಗ್ತಿತ್ತು, ಮನೆ ಖರ್ಚು ಕ್ರೆಡಿಟ್ ಕಾರ್ಡಿಗೆ. ರೇಷನ್ನು, ಪೆಟ್ರೋಲು, ದಿಯಾ ಸ್ಕೂಲ್ ಫೀಸು ಎಲ್ಲ ಕಾರ್ಡು. ಮನೇಲಿ ಏನೂ ಕಮ್ಮಿಯಾಗಿಲ್ಲ ಅಲ್ವಾ, ಹಂಗಾಗಿ ಯಾರಿಗೂ ಗೊತ್ತಾಗ್ಲಿಲ್ಲ. ಬಾಕಿ 1,86,000 ಆದಾಗ ತಿಂಗಳಿಗೆ ಮಿನಿಮಮ್ ಡ್ಯೂ 9,300 ಕಟ್ಟಿ ಅಬ್ಬ ಈ ತಿಂಗಳು ಪಾರಾದೆ ಅಂತ ಉಸಿರು ಬಿಡ್ತಿದ್ದೆ. ಅದ್ರಲ್ಲಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ 6,510, ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1,172, ಅಸಲಿಗೆ ಹೋಗ್ತಿದ್ದದ್ದು 1,618 ರೂಪಾಯಿ. ಈ ಲೆಕ್ಕನ ಒಂದು ದಿನಾನೂ ಕೂತು ಹಾಕಿರ್ಲಿಲ್ಲ ಕಣೋ. ಫ್ಯಾಕ್ಟ್ರೀಲಿ ಹತ್ತು ಪೈಸೆ ವ್ಯತ್ಯಾಸ ಬಂದ್ರೆ ಸ್ಟೋರ್ಸಿನವರ ಜುಟ್ಟು ಹಿಡಿಯೋ ಅಕೌಂಟ್ಸ್ ಮಂಜು ನಾನು, ಸ್ವಂತದ್ದಕ್ಕೆ ಮಾತ್ರ ಕ್ಯಾಲ್ಕುಲೇಟರ್ ಒತ್ಲಿಲ್ಲ. ಒತ್ತಿದ್ರೆ ಗೊತ್ತಾಗ್ಬಿಡುತ್ತೆ ಅಂತ ಭಯ.

ಗೊತ್ತಾಗಿದ್ದು ಹೆಂಗೆ ಅನ್ನೋದನ್ನ ಮಾತ್ರ ಯಾವತ್ತೂ ಮರೀಬೇಡ. 2025ರ ಜೂನು, ಆಗಷ್ಟೇ ದಿಯಾ ಒಂದನೇ ಕ್ಲಾಸಿಗೆ ಹೋಗಿದ್ಲು, ಓದೋದು ಬಂದಿದ್ದ ಹೊಸದು, ಕಂಡಿದ್ದೆಲ್ಲ ಕೂಡಿಸ್ಕೊಂಡು ಓದೋಳು, ಬಸ್ ಬೋರ್ಡು, ಬಿಸ್ಕೆಟ್ ಪ್ಯಾಕು, ಎಣ್ಣೆ ಪ್ಯಾಕೆಟ್ಟು. ನನ್ ಫೋನಲ್ಲಿ ಏನೋ ಗೇಮ್ ಆಡ್ತಿದ್ದೋಳು ಜೋರಾಗಿ ಓದಿದ್ಲು, "ಟೋ-ಟಲ್ ಡ್ಯೂ... ಮಿ-ನಿ-ಮಮ್ ಡ್ಯೂ... ಅಪ್ಪಾ, ಡ್ಯೂ ಅಂದ್ರೇನು?" ಅಡುಗೆಮನೇಲಿ ಶೋಭಾ ಒಗ್ಗರಣೆ ಹಾಕ್ತಿದ್ಲು, ಸಾಸಿವೆ ಚಟಪಟ ಅಂತಿತ್ತು, ಸ್ಟವ್ ಆಫ್ ಮಾಡಿದ್ದು ಕೇಳಿಸ್ತು. ಸೌಟು ಕೈಲೇ ಹಿಡ್ಕೊಂಡು ಬಂದು ನಿಂತ್ಲು. "ಎಷ್ಟು?" ಅಂದ್ಲು ಅಷ್ಟೆ.

ನಾನು ಅರವತ್ತು ಸಾವಿರ ಅಂದೆ.

ನೋಡು, ಇಲ್ಲಿದೆ ವಿಷ್ಯ. ಸಿಕ್ಕಿಬಿದ್ಮೇಲೂ ಸುಳ್ಳು ಹೇಳ್ದೆ. ಅವಳು ಏನೂ ಅನ್ನದೆ ಮಗು ಕೈಯಿಂದ ಫೋನ್ ಇಸ್ಕೊಂಡು ಓದಿ, ಟೇಬಲ್ ಮೇಲಿಟ್ಟು, ವಾಪಸ್ ಹೋಗಿ ಸಾರು ಮುಗಿಸಿದ್ಲು. ಊಟಕ್ಕೂ ಬಡಿಸಿದ್ಲು. ಮೂರು ದಿನ ಆದ್ಮೇಲೆ ಒಂದೇ ಮಾತು ಹೇಳಿದ್ದು, "ದುಡ್ಡು ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲ ರೀ, ಆ ಅರವತ್ತು ಅಂದ್ರಲ್ಲ, ಅದು ಹೋಗಲ್ಲ." ಇವತ್ತಿಗೂ ನಾನು ಅಂಗಡೀಲಿ ಯಾವ್ದಾದ್ರೂ ರೇಟು ಹೇಳಿದ್ರೆ ಒಂದು ಸೆಕೆಂಡ್ ನನ್ ಮುಖ ನೋಡ್ತಾಳೆ. ನಿನ್ನ ಕಾಲಕ್ಕಾದ್ರೂ ಆ ನೋಟ ಹೋಗಿರ್ಲಿ ಕಣೋ, ಅದೊಂದೇ ನಂಗೆ ಬೇಕಾಗಿರೋದು.

ಅವಳ ಬಳೆ ಎರಡು ಗಿರವಿಗೆ ಹೋಯ್ತು, ಬಡ್ಡಿ ಕಾರ್ಡಿನ ಕಾಲು ಭಾಗಾನೂ ಇರ್ಲಿಲ್ಲ. ಮಿಕ್ಕಿದ್ದು ಅಪ್ಪನ ಹತ್ರ. ಗುಬ್ಬಿಗೆ ಹೋಗಿ ಹೇಳೋಕೆ ಎರಡು ಭಾನುವಾರ ಬೇಕಾಯ್ತು, ಮೊದಲ್ನೇ ಭಾನುವಾರ ಹೋಗಿ ಮುದ್ದೆ ಉಂಡು ಸುಮ್ನೆ ವಾಪಸ್ ಬಂದೆ. ಎರಡ್ನೇ ವಾರ ಹೇಳ್ದೆ. ಆ ವರ್ಷ ಕೊಬ್ಬರಿ ರೇಟು ಏರಿತ್ತಲ್ಲ, ಅಟ್ಟದ ಮೇಲಿದ್ದಿದ್ದನ್ನ ತಿಪಟೂರಿಗೆ ಹಾಕಿ ಕೊಟ್ರು. ಬೈಲಿಲ್ಲ. ಒಳಗೆ ಹೋಗಿ ಹಳೇ ಅಂಗಡಿ ಖಾತೆ ಪುಸ್ತಕ ತಂದು ತೊಡೆ ಮೇಲೆ ಹಾಕಿದ್ರು, ಧೂಳು, ಜಿರಲೆ ವಾಸನೆ. ನಾನು ಚಿಕ್ಕೋನಿದ್ದಾಗ ಅಂಗಡೀಲಿ ದಿನಾ ನೋಡ್ತಿದ್ದೆ, ಯಾರು ಕಡ ಕೇಳಿದ್ರೂ ಅಪ್ಪ ಬರೆದಾದ್ಮೇಲೆ ಪುಸ್ತಕನ ತಿರುಗಿಸಿ ಅವ್ರ ಕಡೆ ತಳ್ಳೋರು, "ನೀನೇ ನೋಡ್ಕೊ" ಅಂತ. ಓದೋಕೆ ಬರ್ದೇ ಇರೋರಿಗೂ ತಿರುಗಿಸೋರು. ಅವ್ರಿಗೆ ಓದಕ್ಕೇ ಬರಲ್ವಲ್ಲಪ್ಪ ಅಂತ ಒಂದ್ಸಲ ಕೇಳಿದ್ದೆ, "ಬರ್ದಿದ್ರೇನು, ನಾನು ತಿರುಗಿಸ್ಬೇಕಲ್ಲ" ಅಂದಿದ್ರು. ಆಗ ಏನ್ ಮಾತಪ್ಪ ಇದು ಅನ್ಸಿತ್ತು.

ಈ ಕೆಂಪು ಪುಸ್ತಕ ಹಂಗೆ ಶುರುವಾಗಿದ್ದು. ರಾತ್ರಿ ಊಟ ಆದ್ಮೇಲೆ ಒಂಬತ್ತೂವರೆಗೆ ಟೀಪಾಯಿ ಮೇಲೆ ಇಟ್ಟು ಅವತ್ತಿನ ಖರ್ಚು ಬರೆಯೋದು, ಬರ್ದು ಶೋಭಾ ಕಡೆ ತಿರುಗಿಸೋದು, ಅವಳು ಅವಳದ್ದು ಬರ್ದು ನನ್ ಕಡೆ ತಿರುಗಿಸೋದು. ಆಪ್ ಹಾಕ್ಕೊಳೋ, ಎಲ್ಲಾ ಯುಪಿಐನಲ್ಲೇ ಇರುತ್ತಲ್ಲೋ ಅಂತ ಫ್ರೆಂಡ್ಸು ಹೇಳಿದ್ರು. ಆಪ್ ತಿರುಗಿಸೋಕಾಗಲ್ಲ, ಫೋನು ನಂದೇ ಲಾಕು ನಂದೇ. ಅದಕ್ಕೇ ಪುಸ್ತಕ. ಮೊದ್ಲೆರಡು ವಾರ ಕಟಕಟೇಲಿ ನಿಂತಂಗಿತ್ತು, ಆಮೇಲೆ ಅವಳು ಒಂದಿನ ತಾನೇ ಒಂದು ಸಾಲು ಬರೆದ್ಲು, ಚೀಟಿ 22,000 ಅಂತ. ಎರಡು ವರ್ಷದಿಂದ ಅವಳೂ ಹೇಳದೆ ಚೀಟಿ ಕಟ್ತಿದ್ಲು! ಸಿಕ್ತಲ್ಲ ಅಂತ ನಾನು ಹುಮ್ಮಸ್ಸಿಂದ ನೀನೂ ಬಚ್ಚಿಟ್ಟಿದ್ಯಲ್ಲೇ ಅಂದ್ರೆ, "ನಂದು ಬಚ್ಚಿಟ್ಟಿದ್ದಲ್ಲ ರೀ, ಎತ್ತಿಟ್ಟಿದ್ದು" ಅಂದ್ಲು. ಒಪ್ಪಿಕೊಂಡೆ.

ಈ ಅಭ್ಯಾಸ ಬಿಡಬೇಡ. ಸಂಬಳ ಜಾಸ್ತಿ ಆಗಿರ್ಬಹುದು, ಅಯ್ಯೋ ಹತ್ತು ಇಪ್ಪತ್ತು ರೂಪಾಯಿ ಏನ್ ಬರೆಯೋದು ಅಂತ ಸೋಮಾರಿತನ ಬರುತ್ತೆ, ಬಂದೇ ಬರುತ್ತೆ. ದುಡ್ಡು ಉಳಿಸೋಕಲ್ಲ ಕಣೋ ಬರೆಯೋದು. ಏನೋ ಒಂದನ್ನ ಬರೆಯೋಕೆ ಕೈ ಹಿಂಜರೀತಲ್ಲ, ಆ ಹಿಂಜರಿಕೆ ಎಲ್ಲಿ ಬರುತ್ತೋ ಅಲ್ಲೇ ಏನೋ ಇರುತ್ತೆ. ಅದು ನಂಗೆ ಪುಸ್ತಕದಿಂದಾನೇ ಗೊತ್ತಾಗಿದ್ದು.

ಬೇರೆ ಏನು? ಬೆಳಿಗ್ಗೆ ಟ್ರೈನಲ್ಲಿ ಫೋನು ಬ್ಯಾಗಲ್ಲೇ ಇಡ್ತಾ ಇದೀನಿ, ದೊಡ್ಡಬೆಲೆ ತನಕ ಕಿಟಕಿ ಆಚೆ ನೋಡೋದು, ಆಮೇಲೆ ನಿದ್ದೆ. ವಾಕಿಂಗ್ ಅಂತ ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಿದೀನಿ, ನಿಂಗೆ ಹೊಟ್ಟೆ ಬಂದಿದ್ರೆ ಆ ತಪ್ಪು ನಂದೇ, ಕ್ಷಮಿಸು. ಐದು ಗಂಟೆಗೆ ಏಳೋದು ಅದೂ ಇದೂ ಎಲ್ಲ ನಮ್ಮಂಥೋರಿಗಲ್ಲ, ಅದರ ಬಗ್ಗೆ ಬೇಜಾರು ಮಾಡ್ಕೋಬೇಡ. ಆದ್ರೆ ಗುಬ್ಬಿಗೆ ಹದಿನೈದು ದಿನಕ್ಕೊಂದ್ಸಲ ಹೋಗೋದು ಬಿಡ್ಬೇಡ. ಅಪ್ಪಂಗೆ ಈಗ 68. ನೀನು ಇದನ್ನ ಓದೋ ಹೊತ್ತಿಗೆ... ಬೇಡ ಬಿಡು, ಇದ್ರೆ ಇವತ್ತೇ ಫೋನ್ ಮಾಡು.

ದಿಯಂಗೆ ಆಗ ಹನ್ನೆರಡು. ಅವಳಿಗೆ ಈ ಕತೆ ಯಾರು ಹೇಳ್ತೀರ? ನೀನೇ ಹೇಳು, ಬೇರೆಯವ್ರ ಬಾಯಲ್ಲಿ ಕೇಳಿಸ್ಕೊಳೋದು ಬೇಡ. ಅವಳು ಡ್ಯೂ ಅಂದ್ರೇನು ಅಂತ ಕೇಳಿದ್ಲಲ್ಲ, ಅವತ್ತು ಯಾರೂ ಉತ್ತರ ಕೊಟ್ಟಿಲ್ಲ. ಅವಳೂ ಈಗ ಪುಸ್ತಕದಲ್ಲಿ ಬರೀತಾಳೆ, ಐಸ್ ಕ್ಯಾಂಡಿ 10 ಅಂತ ದಪ್ಪಕ್ಷರದಲ್ಲಿ, ಬರ್ದು ನಮ್ಮಿಬ್ರ ಕಡೆಗೂ ಒಂದೊಂದ್ಸಲ ತಿರುಗಿಸ್ತಾಳೆ.

ಒಂಬತ್ತೂವರೆ ಆಗ್ತಾ ಬಂತು, ಶೋಭಾ ಹಾಲ್‌ನಿಂದ ಕೂಗ್ತಿದಾಳೆ. ಇನ್ನೊಂದು ವಿಷ್ಯ ಇದೆ. ಗುರುವಾರ ಟ್ರೈನಲ್ಲಿ ಪಕ್ಕದ ಸೀಟಿನವ್ನು ಕೇಳ್ದ ಅಂತ 2,000 ಕೊಟ್ಟಿದೀನಿ, ಹಳೇ ಆಟಕ್ಕೇ ಅಂತ ಗೊತ್ತಿದ್ದೂ ಕೊಟ್ಟೆ, ಮೂರು ದಿನದಿಂದ ಬರ್ದಿಲ್ಲ. ನಿಂಗೆ ಇಷ್ಟುದ್ದ ಬರೆಯೋವಾಗ್ಲೂ ಅದೇ ತಲೇಲಿತ್ತು. ಪೆನ್ನು ಹೆಂಗೂ ಕೈಲಿದೆ, ಈಗ ಹೋಗಿ ಬರೀತೀನಿ.

ನಿನ್ನ,
ಮಂಜು