ಕಾರಣ ಕೇಳಿ ನೋಟಿಸ್

ತಹಶೀಲ್ದಾರರ ಕಾರ್ಯಾಲಯ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ
ಸಂಖ್ಯೆ: ಸಿಬ್ಬಂದಿ/ಸಿಆರ್/18/2025-26
ದಿನಾಂಕ: 27-06-2025

ಇವರಿಗೆ:
ದ್ವಿತೀಯ ದರ್ಜೆ ಸಹಾಯಕರು, ಪಿಂಚಣಿ ಶಾಖೆ
(ಸೇವಾ ಪುಸ್ತಕದಲ್ಲಿರುವ ಕಾಯಂ ವಿಳಾಸಕ್ಕೆ, ನೋಂದಾಯಿತ ಅಂಚೆಯ ಮೂಲಕ)

ವಿಷಯ: ಅನಧಿಕೃತ ಗೈರುಹಾಜರಿ ಬಗ್ಗೆ ವಿವರಣೆ ಕೋರಿ.

ಉಲ್ಲೇಖ: ಈ ಕಚೇರಿಯ ಜ್ಞಾಪನ, ದಿನಾಂಕ 13-06-2025.

ನಿಮಗೆ 02-06-2025ರಿಂದ 06-06-2025ರವರೆಗೆ ಗಳಿಕೆ ರಜೆ ಮಂಜೂರಾಗಿತ್ತು. ನಂತರದ ಎರಡು ರಜಾ ದಿನಗಳನ್ನು ಕಳೆದು 09-06-2025ರಂದು ನೀವು ಕರ್ತವ್ಯಕ್ಕೆ ಹಾಜರಾಗಬೇಕಿತ್ತು. ಹಾಜರಾಗಿಲ್ಲ, ರಜೆ ವಿಸ್ತರಣೆಯ ಅರ್ಜಿಯಾಗಲಿ, ದೂರವಾಣಿ ಮಾಹಿತಿಯಾಗಲಿ ಇಂದಿನವರೆಗೂ ಬಂದಿಲ್ಲ. ಉಲ್ಲೇಖಿತ ಜ್ಞಾಪನದ ಲಕೋಟೆ ‘ಬಾಗಿಲು ಹಾಕಿದೆ’ ಎಂಬ ಅಂಚೆ ಷರಾದೊಂದಿಗೆ ವಾಪಸಾಗಿದೆ.

ದಿನಾಂಕ 17-06-2025ರಂದು ಗ್ರಾಮ ಆಡಳಿತ ಅಧಿಕಾರಿ ನಿಮ್ಮ ಮನೆಗೆ ಹೋಗಿದ್ದಾಗ, ನೀವು ತಾಯಿಯವರ ಚಿಕಿತ್ಸೆಗಾಗಿ ಶಿವಮೊಗ್ಗಕ್ಕೆ ಹೋಗಿರುವುದಾಗಿ ನೆರೆಯವರು ಹೇಳಿದ್ದಾರೆ. ಇದು ನಿಮ್ಮಿಂದಲೇ ತಿಳಿದ ವಿಷಯವಲ್ಲವಾದ್ದರಿಂದ ಇದನ್ನು ನಂಬಿಯೂ ಇಲ್ಲ, ತಳ್ಳಿಹಾಕಿಯೂ ಇಲ್ಲ. ನಿಮ್ಮ ಗಮನಕ್ಕಿರಲೆಂದು ಇಲ್ಲಿ ದಾಖಲಿಸಿದೆ.

ಸಂಧ್ಯಾ ಸುರಕ್ಷಾ ಮತ್ತು ವಿಧವಾ ವೇತನದ 43 ಅರ್ಜಿಗಳು ನಿಮ್ಮ ಲಾಗಿನ್‌ನಲ್ಲೇ ನಿಂತಿವೆ. ಅವುಗಳ ಮೂಲ ದಾಖಲೆಗಳಿರುವ ಅಲ್ಮೆರಾದ ಬೀಗದ ಕೈ ನಿಮ್ಮ ಬಳಿಯೇ ಇದೆ. ಅರ್ಜಿದಾರರು ದಿನವೂ ಹೋಬಳಿಗಳಿಂದ ಬಸ್ಸಿನಲ್ಲಿ ಬಂದು ಬರಿಗೈಲಿ ಹೋಗುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಈ ಸೇವೆಗಳು ಸಕಾಲ ವ್ಯಾಪ್ತಿಯಲ್ಲಿವೆ ಎಂಬುದು ನಿಮಗೆ ತಿಳಿದಿದೆ. ನಿಮ್ಮ ಉತ್ತರ ಏನೇ ಇರಲಿ, ಬೀಗದ ಕೈಯನ್ನು ಮಾತ್ರ ಕೂಡಲೇ ಯಾರ ಮೂಲಕವಾದರೂ ಶಿರಸ್ತೇದಾರರಿಗೆ ತಲುಪಿಸಿ.

ಮೇಲ್ನೋಟಕ್ಕೆ ಇದು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಗಳ ನಿಯಮ 106-ಎ ವ್ಯಾಪ್ತಿಗೆ ಬರುವ ಗೈರುಹಾಜರಿಯಾಗಿದ್ದು, ಕರ್ತವ್ಯನಿಷ್ಠೆಗೆ ಸಂಬಂಧಿಸಿದ ನಡತೆ ನಿಯಮಗಳ ಉಲ್ಲಂಘನೆಯೂ ಆಗಬಹುದು. ಆದರೆ ಗೈರುಹಾಜರಾದ ಮಾತ್ರಕ್ಕೆ ಅದು ಉದ್ದೇಶಪೂರ್ವಕ ಎಂದಾಗುವುದಿಲ್ಲ. ತಡೆಯಲಾಗದ ಕಾರಣವಿತ್ತೇ ಎಂಬುದನ್ನೂ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಈ ವಿಷಯದಲ್ಲಿ ಇನ್ನೂ ಯಾವ ತೀರ್ಮಾನಕ್ಕೂ ಬಂದಿಲ್ಲ.

ಶಿಸ್ತು ಕ್ರಮಕ್ಕಾಗಿ ಜಿಲ್ಲಾಧಿಕಾರಿಗಳಿಗೆ ಏಕೆ ವರದಿ ಸಲ್ಲಿಸಬಾರದು ಎಂಬುದಕ್ಕೆ ಈ ನೋಟಿಸ್ ತಲುಪಿದ 7 ದಿನಗಳೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ಖುದ್ದಾಗಿ ಬರಲಾಗದಿದ್ದರೆ ಅಂಚೆಯಲ್ಲಿ ಅಥವಾ ಮನೆಯವರ ಕೈಯಲ್ಲಿ ಕಳುಹಿಸಬಹುದು. ಆಸ್ಪತ್ರೆಯ ದಾಖಲೆಗಳಿದ್ದರೆ ಪ್ರತಿಗಳನ್ನು ಲಗತ್ತಿಸಿ. ಈಗ ಕೈಯಲ್ಲಿಲ್ಲದಿದ್ದರೆ ಹಾಗೆಂದು ಬರೆದು ಆಮೇಲೆ ಕೊಡಿ, ಅದಕ್ಕಾಗಿ ಉತ್ತರವನ್ನು ತಡೆಹಿಡಿಯಬೇಡಿ. ಹೆಚ್ಚಿನ ಕಾಲಾವಕಾಶ ಬೇಕಿದ್ದರೆ ಅವಧಿ ಮುಗಿಯುವ ಮೊದಲೇ ಕಾರಣ ತಿಳಿಸಿ ಕೇಳಿ. ಹಾಜರಿ ಪುಸ್ತಕದ ಪ್ರತಿ ಬೇಕೆಂದರೆ ಒದಗಿಸಲಾಗುವುದು. ನೇರವಾಗಿ ಹೇಳಿಕೊಳ್ಳುವುದಿದ್ದರೆ ನನ್ನನ್ನೇ ಭೇಟಿ ಮಾಡಬಹುದು. ನಿಮ್ಮ ಹೇಳಿಕೆಯನ್ನು ಬರೆದುಕೊಂಡು ನಿಮಗೆ ಓದಿ ಹೇಳಿದ ಮೇಲೆ ಸಹಿ ಪಡೆಯಲಾಗುವುದು.

ಅವಧಿಯೊಳಗೆ ಉತ್ತರ ಬಾರದಿದ್ದಲ್ಲಿ, ನಿಮ್ಮ ವಿವರಣೆ ಏನೂ ಇಲ್ಲವೆಂದು ಭಾವಿಸಿ, ಲಭ್ಯ ದಾಖಲೆಗಳ ಆಧಾರದ ಮೇಲೆ ಮುಂದಿನ ವರದಿ ಸಲ್ಲಿಸಲಾಗುವುದು.

(ಸಹಿ)
ತಹಶೀಲ್ದಾರರು
ಹೊಸದುರ್ಗ ತಾಲ್ಲೂಕು

ಪ್ರತಿ: ಶಿರಸ್ತೇದಾರರಿಗೆ, ವೈಯಕ್ತಿಕ ಕಡತಕ್ಕೆ.