ಪುಟ್ಟಿಯ ಮದುವೆಗೆ

ಶಂಕರಪುರ ಮಲ್ಲಿಗೆ ಮುಡಿದು ಎಷ್ಟು ಚಂದ ಕಾಣ್ತಿ ಪುಟ್ಟಿ,
ಅಜ್ಜಿ ಮನೆ ಚಾವಡಿಯಲ್ಲಿ ನನ್ನ ಪಾಲಿನ ಹಲಸಿನ ಹಪ್ಪಳ ಕಸ್ಕೊಂಡು ಓಡ್ತಿದ್ದವಳು ನೀನೇನಾ ಮಾರಾಯ್ತಿ!

ಆಟಿ ಮಳೆಗೆ ಕರೆಂಟ್ ಹೋದ ರಾತ್ರಿ
ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಇಟ್ಕೊಂಡು ಇಬ್ರೂ ಮಾತಾಡ್ತಾ ಕೂತು
ಕರೆಂಟ್ ಬಂದದ್ದೇ ನಿಮಗೆ ಗೊತ್ತಾಗದಿರ್ಲಿ.
ಕಾವಲಿಗೆ ಅಂಟಿ ಹರಿದ ನೀರುದೋಸೆಯನ್ನೇ ಭಾವ ಕೇಳಿ ಹಾಕಿಸ್ಕೊಳ್ಳಲಿ.
ಸಿಟ್ಟು ಬಂದ್ರೆ ಬರ್ಲಿ, ಮಲ್ಪೆ ಬೀಚಲ್ಲಿ ಒಂದು ರೌಂಡ್ ನಡೆದು ವಾಪಸ್ ಬರುವಾಗ
ಒಂದೇ ಪೊಟ್ಟಣದ ಚರುಮುರಿ ಇಬ್ರ ಕೈಯಲ್ಲೂ ಇರ್ಲಿ.
ನೀನು ಹಾಡುವುದನ್ನು ಮಾತ್ರ ಬಿಡ್ಬೇಡ, ಆ ಮನೆ ಅಡುಗೆಕೋಣೆಗೂ ನಿನ್ನ ಸ್ವರ ಅಭ್ಯಾಸ ಆಗ್ಲಿ.

ಅಷ್ಟಮಿಗೆ ಇಬ್ರೂ ಬನ್ನಿ ಆಯ್ತಾ, ಮೂಡೆ ಮಾಡಿ ಇಡ್ತೇನೆ, ಹಪ್ಪಳವೂ ಉಂಟು.

ನಿನ್ನ ದೊಡ್ಡಕ್ಕ