ವಿಷಯ: ಮಂಜುನಾಥ ಅವರು ನಿಮ್ಮಲ್ಲಿ ಮಾಡಿದ ಕೆಲಸದ ಬಗ್ಗೆ ಕೆಲವು ಪ್ರಶ್ನೆಗಳು (ಅವರ ಒಪ್ಪಿಗೆ ಪತ್ರ ಲಗತ್ತಿಸಿದೆ)

ಶ್ರೀನಿವಾಸ್ ಅವರಿಗೆ ನಮಸ್ಕಾರ,

ನಾನು ವಿದ್ಯಾ. ಔಷಧಿಗಳ ಸಗಟು ವಿತರಣೆ ಮಾಡುವ ನಮ್ಮ ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ನಿಮ್ಮ ಗೋದಾಮಿನಲ್ಲಿ ಮೊದಲು ಕೆಲಸ ಮಾಡುತ್ತಿದ್ದ ಮಂಜುನಾಥ ಅವರು ನಮ್ಮಲ್ಲಿ ಗೋದಾಮು ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಸಂದರ್ಶನ ಮುಗಿದಿದೆ, ನಮಗೆ ಅವರು ಹಿಡಿಸಿದ್ದಾರೆ. ಆಫರ್ ಲೆಟರ್ ಕೊಡುವ ಮುಂಚೆ, ಅವರ ಕೆಲಸವನ್ನು ಹತ್ತಿರದಿಂದ ಕಂಡವರೊಬ್ಬರ ಮಾತು ಕೇಳಬೇಕಿದೆ. ನಿಮ್ಮ ಹೆಸರು ಮತ್ತು ಇಮೇಲ್ ಕೊಟ್ಟವರು ಅವರೇ. ನಿಮ್ಮ ಕೈಕೆಳಗೆ ನೇರವಾಗಿ ಕೆಲಸ ಮಾಡಿದ್ದಾಗಿ ಹೇಳಿದ್ದಾರೆ.

ನಿಮ್ಮನ್ನು ಸಂಪರ್ಕಿಸಲು ಅವರು ಸಹಿ ಹಾಕಿದ ಒಪ್ಪಿಗೆ ಪತ್ರ ಈ ಮೇಲ್‌ನಲ್ಲೇ ಇದೆ. ದಯವಿಟ್ಟು ಮೊದಲು ಅದನ್ನು ಓದಿ. ನಾನು ನಿಜವಾಗಿಯೂ ಈ ಕಂಪನಿಯವಳೇನಾ ಅಂತ ಅನುಮಾನ ಬಂದರೆ ಅದು ಸಹಜ. ಇಂಥ ಮೇಲ್ ಯಾರು ಬೇಕಾದರೂ ಕಳಿಸಬಹುದು, ಅಲ್ವಾ? ನಮ್ಮ ವೆಬ್‌ಸೈಟಿನಲ್ಲಿರುವ ಆಫೀಸ್ ನಂಬರಿಗೆ ಫೋನ್ ಮಾಡಿ, ಎಚ್‌ಆರ್‌ನ ವಿದ್ಯಾ ಬೇಕು ಅನ್ನಿ. ಲೈನ್ ನನಗೇ ಕೊಡುತ್ತಾರೆ.

ನಮ್ಮಲ್ಲಿ ಈ ಕೆಲಸ ಹೇಗಿರುತ್ತದೆ ಅನ್ನುವುದು ಗೊತ್ತಿದ್ದರೆ ನಿಮಗೆ ಉತ್ತರಿಸಲು ಸುಲಭ. ಒಂದು ಶಿಫ್ಟಿಗೆ 12 ಜನರನ್ನು ನಡೆಸಬೇಕು. ಅವಧಿ ಮೊದಲು ಮುಗಿಯುವ ಔಷಧಿ ಮೊದಲು ಹೊರಗೆ ಹೋಗುವಂತೆ ನೋಡಿಕೊಳ್ಳಬೇಕು. ಕೋಲ್ಡ್ ರೂಮಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಪಾಡಬೇಕು. ರಿಜಿಸ್ಟರ್‌ನಲ್ಲಿರುವ ಸ್ಟಾಕ್‌ಗೂ ರ‍್ಯಾಕಿನಲ್ಲಿರುವ ಸ್ಟಾಕ್‌ಗೂ ತಾಳೆ ಇರಬೇಕು. ನನ್ನ ಪ್ರಶ್ನೆಗಳೆಲ್ಲ ಇಷ್ಟರ ಸುತ್ತಲೇ ಇವೆ.

1. ಮಂಜುನಾಥ ಅವರು 2019ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ನಿಮ್ಮಲ್ಲಿದ್ದರು, ಕೊನೆಯ ಎರಡು ವರ್ಷ ಶಿಫ್ಟ್ ಇನ್‌ಚಾರ್ಜ್ ಆಗಿದ್ದರು ಎಂದು ಬಯೋಡೇಟಾದಲ್ಲಿದೆ. ನಿಮ್ಮ ದಾಖಲೆಯಲ್ಲೂ ಹೀಗೇ ಇದೆಯೇ?

2. ಇವರ ಕೆಲಸವನ್ನು ನೀವೇ ನೇರವಾಗಿ ನೋಡುತ್ತಿದ್ದಿರಾ? ಎಷ್ಟು ಕಾಲ? ಬೇರೆಯವರು ನೋಡುತ್ತಿದ್ದರೆ ಹಾಗೆಂದು ಬರೆದರೆ ಸಾಕು. ಅವರನ್ನು ಸಂಪರ್ಕಿಸುವ ಮೊದಲು ನಾನು ಮಂಜುನಾಥ ಅವರ ಒಪ್ಪಿಗೆ ಮತ್ತೆ ಕೇಳುತ್ತೇನೆ.

3. ಸ್ಟಾಕ್ ಎಣಿಕೆಯಲ್ಲಿ ಏರುಪೇರು ಬಂದಾಗ ಏನು ಮಾಡುತ್ತಿದ್ದರು? ನನಗೆ ಹೆಚ್ಚು ಬೇಕಾಗಿರುವ ಉತ್ತರ ಇದೇ. ವ್ಯತ್ಯಾಸ ಯಾವ ಗೋದಾಮಿನಲ್ಲೂ ಬರುತ್ತದೆ, ಅದು ದೊಡ್ಡ ವಿಷಯವಲ್ಲ. ಬಂದಾಗ ತಾವಾಗಿಯೇ ನಿಮ್ಮ ಗಮನಕ್ಕೆ ತರುತ್ತಿದ್ದರಾ, ಇಲ್ಲ ಆಡಿಟ್‌ನಲ್ಲಿ ಸಿಕ್ಕಿಬೀಳುವವರೆಗೆ ಸುಮ್ನಿರುತ್ತಿದ್ದರಾ? ನೆನಪಿರುವ ಒಂದು ಘಟನೆ ಬರೆದರೆ, "ಪ್ರಾಮಾಣಿಕ ವ್ಯಕ್ತಿ" ಅನ್ನುವ ಸರ್ಟಿಫಿಕೇಟಿಗಿಂತ ಅದೇ ಜಾಸ್ತಿ ಹೇಳುತ್ತದೆ.

4. ಕೋಲ್ಡ್ ರೂಮಿನ ಉಷ್ಣತೆ ಬರೆದಿಡುವ ಕೆಲಸ ಇವರ ಪಾಲಿಗಿತ್ತೇ? ಹೊತ್ತು ಹೊತ್ತಿಗೆ ನೋಡಿ ಬರೆಯುತ್ತಿದ್ದರೇ? (ಶಿಫ್ಟ್ ಕೊನೆಗೆ ಒಟ್ಟಿಗೇ ಕೂತು ಎಲ್ಲ ಕಾಲಂ ತುಂಬಿಸುವವರನ್ನು ನೀವೂ ಕಂಡಿರುತ್ತೀರಿ.)

5. ಇವರ ಕೈಕೆಳಗೆ ಎಷ್ಟು ಜನ ಇದ್ದರು? ತಪ್ಪು ಮಾಡಿದವರ ಜೊತೆ, ಮಾತು ಕೇಳದವರ ಜೊತೆ ಹೇಗೆ ನಡೆದುಕೊಳ್ಳುತ್ತಿದ್ದರು? ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಕೆಲಸ ಒಪ್ಪಿಸುವುದು ಅಚ್ಚುಕಟ್ಟಾಗಿತ್ತೇ?

6. ಯಾವುದರಲ್ಲಿ ಇವರಿಗೆ ಇನ್ನೂ ತರಬೇತಿ ಬೇಕು ಅನ್ನಿಸುತ್ತದೆ? ಇದು ತಪ್ಪು ಹುಡುಕುವ ಪ್ರಶ್ನೆಯಲ್ಲ. ಮೊದಲ ಮೂರು ತಿಂಗಳು ಇವರಿಗೆ ಏನು ಕಲಿಸಬೇಕು ಅಂತ ನಾವು ಈಗಿನಿಂದಲೇ ಯೋಚಿಸುತ್ತಿದ್ದೇವೆ.

7. ಇದೇ ಕೆಲಸ ಖಾಲಿಯಿದ್ದು ಇವರು ಮತ್ತೆ ಬಂದರೆ ತೆಗೆದುಕೊಳ್ಳುತ್ತೀರಾ? ಹೌದು, ಇಲ್ಲ, ಹೇಳಲಾರೆ: ಮೂರರಲ್ಲಿ ಒಂದು ಸಾಕು. "ಇಲ್ಲ" ಅಂತಾದರೆ, ಕಾರಣ ಕೆಲಸಕ್ಕೆ ಸೇರಿದ್ದಾಗಿದ್ದರೆ ಮಾತ್ರ ತಿಳಿಸಿ.

ಇನ್ನು, ಏನು ಬರೆಯಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಳೆಯ ಪರಿಚಯದ ಸಲುಗೆಯಲ್ಲಿ ಒಳ್ಳೆಯ ಮನಸ್ಸಿನಿಂದಲೇ ಕೆಲವು ಮಾತು ಬಂದುಬಿಡುತ್ತವೆ. ಮಂಜುನಾಥ ಅವರ ಆರೋಗ್ಯ, ಮದುವೆ, ಮಕ್ಕಳು, ವಯಸ್ಸು, ಜಾತಿ, ಧರ್ಮ, ರಾಜಕೀಯ ಒಲವು, ಯೂನಿಯನ್ ಸದಸ್ಯತ್ವ, ಸಾಲಸೋಲ ಯಾವುದೂ ನಮಗೆ ಬೇಡ. ನಿಮಗೆ ಗೊತ್ತಿದ್ದರೂ ಬೇಡ. ನಿಮ್ಮಲ್ಲಿ ಎಷ್ಟು ಸಂಬಳ ಪಡೆಯುತ್ತಿದ್ದರು ಅನ್ನುವುದೂ ಬೇಡ. ನಮ್ಮಲ್ಲಿ ಈ ಹುದ್ದೆಗೆ ಇಷ್ಟು ಅಂತ ಸಂಬಳ ಮೊದಲೇ ಗೊತ್ತಾಗಿದೆ.

ರಜೆಯ ಲೆಕ್ಕವನ್ನು ಬೇಕೆಂದೇ ಕೇಳಿಲ್ಲ. ಎಷ್ಟು ದಿನ ರಜೆ ಅಂತ ಕೇಳಿದರೆ ಯಾಕೆ ರಜೆ ಅನ್ನುವುದೂ ಹಿಂದೆಯೇ ಬರುತ್ತದೆ. ಕಾಯಿಲೆ, ಮನೆಯವರ ಆರೈಕೆ, ಇಂಥವು ಹೊರಬೀಳುತ್ತವೆ. ಅದನ್ನು ಒಮ್ಮೆ ಓದಿದ ಮೇಲೆ ಓದಿಲ್ಲ ಅನ್ನುವ ಹಾಗೆ ಇರಲು ನನಗಾಗಲೀ ಇನ್ನೊಬ್ಬರಿಗಾಗಲೀ ಕಷ್ಟ. ಹಾಗೇನಾದರೂ ನಿಮ್ಮ ಉತ್ತರದಲ್ಲಿ ಬಂದರೆ ಆ ಸಾಲನ್ನು ಅಳಿಸಿಯೇ ಗೋದಾಮು ಮ್ಯಾನೇಜರ್‌ಗೆ ಕಳಿಸುತ್ತೇನೆ. ಈ ಹುದ್ದೆಗೆ ಕೊನೆಯ ಸುತ್ತಿಗೆ ಬಂದ ಇನ್ನೊಬ್ಬರ ಬಗ್ಗೆಯೂ ಇದೇ ಏಳು ಪ್ರಶ್ನೆ ಹೋಗುತ್ತಿವೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ನೀವು ಕಣ್ಣಾರೆ ಕಂಡದ್ದು, ದಾಖಲೆಯಲ್ಲಿ ಇರುವುದು, ಇಷ್ಟನ್ನೇ ಬರೆಯಿರಿ. ಅವರಿವರು ಹೇಳಿದ್ದು ಬೇಡ. ಅರ್ಧಕ್ಕೆ ನಿಂತ ವಿಚಾರಣೆ, ರುಜುವಾಗದ ದೂರು ಇದ್ದರೆ ಅದೂ ಬೇಡ. ಯಾವ ಪ್ರಶ್ನೆಗಾದರೂ ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಕೆಲಸದ ಅವಧಿ ಮತ್ತು ಹುದ್ದೆ ಬಿಟ್ಟು ಬೇರೇನೂ ಹೇಳಬಾರದು ಅನ್ನುವ ನಿಯಮ ನಿಮ್ಮಲ್ಲಿದ್ದರೆ ಮೊದಲ ಪ್ರಶ್ನೆಗಷ್ಟೇ ಉತ್ತರಿಸಿ, ನಿಯಮ ಹೀಗಿದೆ ಅಂತ ಒಂದು ಸಾಲು ಸೇರಿಸಿ. ಆ ಮೌನವನ್ನು ಮಂಜುನಾಥ ಅವರ ವಿರುದ್ಧ ನಾವು ಲೆಕ್ಕ ಹಿಡಿಯುವುದಿಲ್ಲ.

ನಿಮ್ಮ ಉತ್ತರವನ್ನು ನಾನು ಮತ್ತು ಗೋದಾಮು ಮ್ಯಾನೇಜರ್ ಇಬ್ಬರೇ ಓದುತ್ತೇವೆ. ಆದರೆ ಒಂದು ಮಾತು: ಮಂಜುನಾಥ ಅವರು ಕೇಳಿದರೆ ಅವರಿಗೂ ತೋರಿಸುತ್ತೇವೆ. ಇದನ್ನು ಅವರಿಗೆ ಹೇಳಿದ್ದೇವೆ, ನಿಮಗೂ ಮೊದಲೇ ಗೊತ್ತಿರಲಿ. ಅವರು ಆಯ್ಕೆಯಾಗದಿದ್ದರೆ ಆರು ತಿಂಗಳ ನಂತರ ಉತ್ತರವನ್ನು ಅಳಿಸುತ್ತೇವೆ.

ನವೆಂಬರ್ 14, ಶುಕ್ರವಾರದೊಳಗೆ ಈ ಮೇಲ್‌ಗೇ ಉತ್ತರ ಬರೆದರೆ ಅನುಕೂಲ. ಪ್ರಶ್ನೆಯ ಕೆಳಗೆ ಒಂದೆರಡು ಸಾಲು ಬರೆದರೂ ಆಯಿತು, ಭಾಷೆ ಚೆನ್ನಾಗಿರಬೇಕು ಅಂತೇನಿಲ್ಲ. ಬರೆಯುವುದಕ್ಕಿಂತ ಮಾತಾಡುವುದು ಸುಲಭ ಅನ್ನಿಸಿದರೆ ನಿಮಗೆ ಬಿಡುವಿರುವ ಹೊತ್ತು ತಿಳಿಸಿ, ನಾನೇ ಫೋನ್ ಮಾಡುತ್ತೇನೆ. ಹದಿನೈದು ನಿಮಿಷ ಸಾಕು. ಅಲ್ಲೂ ಇವೇ ಪ್ರಶ್ನೆಗಳು. ನಾನು ಬರೆದುಕೊಂಡದ್ದನ್ನು ನಿಮಗೆ ಮೇಲ್ ಮಾಡುತ್ತೇನೆ, ತಪ್ಪಿದ್ದರೆ ತಿದ್ದಿ. ಕರೆಯನ್ನು ರೆಕಾರ್ಡ್ ಮಾಡುವುದಿಲ್ಲ.

ಮಂಜುನಾಥ ಅವರು ಈಗ ಬೇರೆ ಕಡೆ ಕೆಲಸದಲ್ಲಿದ್ದಾರೆ. ಈ ಅರ್ಜಿಯ ವಿಷಯ ಅಲ್ಲಿಯವರಿಗೆ ಇನ್ನೂ ಗೊತ್ತಿಲ್ಲ. ಆದ್ದರಿಂದ ಈ ಮೇಲ್ ನಿಮ್ಮಲ್ಲೇ ಇರಲಿ, ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ನಿಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದಿದ್ದಕ್ಕೆ ಧನ್ಯವಾದ.

ಇಂತಿ,
ವಿದ್ಯಾ
ಎಚ್‌ಆರ್ ವಿಭಾಗ

ಲಗತ್ತು: ಮಂಜುನಾಥ ಅವರು ಸಹಿ ಹಾಕಿದ ಒಪ್ಪಿಗೆ ಪತ್ರ, 1 ಪುಟ